ಅಪ್‌ಡೇಟ್: ಶಿವಮೊಗ್ಗದಲ್ಲಿ ತಂಗಿಯ ಕಾರ್ ಡಿಎಲ್ ಟೆಸ್ಟ್

ಕೇಳಿದ್ದು: ತಂಗಿ ರಿವರ್ಸ್‌ನಲ್ಲಿ ಫೇಲ್ ಆದಳು. ಮತ್ತೆ ಟೆಸ್ಟ್ ಯಾವಾಗ? ಎಲ್‌ಎಲ್ ಹೊಸದಾಗಿ ಮಾಡಿಸಬೇಕಾ?

ಪಾಸಾದಳು! ಹೊಸ ಎಲ್‌ಎಲ್ ಬೇಕಾಗಲಿಲ್ಲ. ಅದು 6 ತಿಂಗಳು ನಡೆಯುತ್ತದೆ, ಅವಳದ್ದು ಇನ್ನೂ ಬಾಕಿ ಇತ್ತು. ಮರುದಿನವೇ ಹೋಗಿ ಅಂದಿದ್ದರು ಒಬ್ಬರು, ಅದು ಆಗಲ್ಲ. ನಿಯಮದ ಪ್ರಕಾರ 7 ದಿನ ಕಾಯಲೇಬೇಕು. ಮೂರು ಸಲ ಫೇಲಾದರೆ 60 ದಿನವಂತೆ! ಸಾರಥಿ ಪೋರ್ಟಲ್‌ನಲ್ಲಿ ಹಳೆಯ ಅರ್ಜಿ ನಂಬರ್ ಹಾಕಿ, ಮರುಪರೀಕ್ಷೆಯ ಶುಲ್ಕ ಕಟ್ಟಿ ಸ್ಲಾಟ್ ತಗೊಂಡೆವು.

ಕೆಲಸಕ್ಕೆ ಬಂದಿದ್ದು "ಕ್ಲಚ್ ಮೇಲೆಯೇ ನಿಧಾನ ಬಿಡಿ, ಕನ್ನಡಿ ನೋಡಿ" ಅಂದವರ ಮಾತು. ನಮ್ಮ ಮಳೆಗೆ ಹಿಂದಿನ ಗಾಜು ಮಬ್ಬಾಗಿತ್ತು, ಸೈಡ್ ಕನ್ನಡಿಯೇ ಗತಿ.

ಗೊತ್ತಿರದಿದ್ದ ಸಂಗತಿ: ಎಲ್‌ಎಲ್ ಜೊತೆ ಕಾರಿನ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಕೂಡ ನೋಡಿದರು. ಎಮಿಷನ್ ಅವಧಿ ಮುಗಿದಿದೆಯಾ ಅಂತ ಮೊದಲೇ ನೋಡಿಕೊಳ್ಳಿ.