ವಾಟ್ಸಾಪ್ ಬೇರೆಯವರ ಕೈಗೆ ಹೋದಾಗ: ಮೊದಲು ಯಾವುದು, ಆಮೇಲೆ ಯಾವುದು?

ಪ್ರಶ್ನೆ – ದಲಾಲಿ ಅಂಗಡಿ, ಸಿಂಧನೂರು

ಪರಿಚಯದ ರೈತರೊಬ್ಬರ ವಾಟ್ಸಾಪ್‌ನಿಂದ, ತಮ್ಮ ಕೋಡ್ ತಪ್ಪಿ ನನ್ನ ನಂಬರಿಗೆ ಬಂದಿದೆ, ಕಳುಹಿಸಿ ಎಂಬ ಸಂದೇಶ ಬಂದಿತು; ಕಳುಹಿಸಿದೆ. ಸ್ವಲ್ಪ ಹೊತ್ತಿಗೆ ನನ್ನ ವಾಟ್ಸಾಪ್ ಮುಚ್ಚಿಕೊಂಡು, ಈ ನಂಬರು ಬೇರೆ ಫೋನಿನಲ್ಲಿ ನೋಂದಣಿಯಾಗಿದೆ ಎಂದು ತೋರಿಸುತ್ತಿದೆ. ಭತ್ತ ತರುವ ರೈತರಿಗೆ ನನ್ನ ಹೆಸರಿನಲ್ಲಿ ಹಣ ಕೇಳುವ ಸಂದೇಶಗಳು ಹೋಗುತ್ತಿವೆಯಂತೆ. ಯಾವ ಕ್ರಮದಲ್ಲಿ ಏನು ಮಾಡಬೇಕು, ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಮೊಬೈಲ್ ರಿಪೇರಿ ಅಂಗಡಿ, ಬಳ್ಳಾರಿ

ಅಣ್ಣನವರೇ, ಮೊದಲು ಫೋನನ್ನು ಪೂರ್ತಿ ರಿಸೆಟ್ ಮಾಡಿಸಿ, ಅನಂತರ ಹೊಸ ಸಿಮ್ ತೆಗೆದುಕೊಂಡು ವಾಟ್ಸಾಪ್ ಹಾಕಿಕೊಳ್ಳಿ. ಮದುವೆ ಆಮಂತ್ರಣದ ಹೆಸರಿನಲ್ಲಿ ಬಂದ ಎಪಿಕೆ ಫೈಲ್ ತೆರೆದು ಫೋನು ಕೆಡಿಸಿಕೊಂಡವರು ನಮ್ಮ ಅಂಗಡಿಗೆ ಬರುತ್ತಲೇ ಇರುತ್ತಾರೆ. ರಿಸೆಟ್ ಮಾಡದೆ ಅದು ಹೋಗುವುದಿಲ್ಲ.

ಕಂಪ್ಯೂಟರ್ ಉಪನ್ಯಾಸಕ, ಕೊಪ್ಪಳ

ಎಪಿಕೆ ಹಾಕಿಕೊಂಡ ಫೋನಿನ ಮಟ್ಟಿಗೆ ಮೇಲಿನವರ ಮಾತು ಸರಿ, ಏಕೆಂದರೆ ಅಂಥ ಆ್ಯಪ್ ಬಂದ ಎಸ್ಎಂಎಸ್‌ಗಳನ್ನೆಲ್ಲ ಓದಿ ಹೊರಗೆ ಕಳುಹಿಸುತ್ತಿರುತ್ತದೆ. ಆದರೆ ಇಲ್ಲಿ ಕಳುವಾಗಿರುವುದು ಫೋನಲ್ಲ, ನಂಬರಿನ ನೋಂದಣಿ. ರಿಸೆಟ್ ಮಾಡಿದರೆ, ಬ್ಯಾಕಪ್‌ಗೆ ಸೇರದ ಹಳೆಯ ಚಾಟ್‌ಗಳೂ ಲೆಕ್ಕದ ಫೋಟೋಗಳೂ ಹೋಗುತ್ತವೆ, ಕಳ್ಳನಿಗೆ ಮಾತ್ರ ಏನೂ ಆಗುವುದಿಲ್ಲ. ಆ್ಯಪ್ ಅನ್ನೂ ಅಳಿಸಬೇಡಿ.

ಮೊಟ್ಟಮೊದಲು ಫೋನಿನ ಮೇಲ್ಭಾಗದಲ್ಲಿ ಸಿಗ್ನಲ್ ಗೆರೆಗಳಿವೆಯೇ ನೋಡಿ, ಯಾರಿಂದಲಾದರೂ ಒಂದು ಕರೆ ಮಾಡಿಸಿ. ಸಿಗ್ನಲ್ ಇಲ್ಲದೆ ಸಿಮ್ ಸತ್ತಂತಿದ್ದರೆ, ನಿಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ ತೆಗೆದಿರುವ ಸಾಧ್ಯತೆ ಇರುತ್ತದೆ; ಆಗ ವಾಟ್ಸಾಪ್ ಬಿಟ್ಟು ಮೊದಲು ಸಿಮ್ ಕಂಪನಿಯ ಅಂಗಡಿಗೂ ಬ್ಯಾಂಕಿಗೂ ಓಡಬೇಕು. ನೀವು ಬರೆದದ್ದನ್ನು ನೋಡಿದರೆ ಸಿಮ್ ನಿಮ್ಮ ಕೈಯಲ್ಲೇ ಇದೆ, ಹಾಗಿದ್ದರೆ ದಾರಿ ಚಿಕ್ಕದು.

ಎರಡನೆಯದಾಗಿ ಕಾಲ್ ಫಾರ್ವರ್ಡಿಂಗ್ ನೋಡಿ. ಕೋಡ್ ಎಸ್ಎಂಎಸ್‌ನಲ್ಲಿ ಮಾತ್ರವಲ್ಲ, ಕರೆಯ ಮೂಲಕವೂ ಬರುತ್ತದೆ. ನಿಮ್ಮ ಕರೆಗಳು ಕಳ್ಳನ ನಂಬರಿಗೆ ತಿರುಗಿದ್ದರೆ ನೀವು ಖಾತೆ ಮರಳಿ ಪಡೆದರೂ ಅವನು ಮತ್ತೆ ಕಸಿಯಬಲ್ಲ. ಡಯಲರ್‌ನ ಸೆಟ್ಟಿಂಗ್ಸ್‌ನಲ್ಲಿ ಕರೆಗಳ ವಿಭಾಗ ತೆರೆದು, ಅಲ್ಲಿ ಗೊತ್ತಿಲ್ಲದ ನಂಬರು ಕಂಡರೆ ತೆಗೆದುಹಾಕಿ. `##002#` ಒತ್ತಿದರೂ ಎಲ್ಲ ಫಾರ್ವರ್ಡಿಂಗ್ ರದ್ದಾಗುವುದುಂಟು. ಆದರೆ ಇಂಥ ಕೋಡ್‌ಗಳ ಮೂಲಕ ನಡೆಯುವ ಫಾರ್ವರ್ಡಿಂಗ್ ಸೇವೆಯನ್ನು ನಿಲ್ಲಿಸಲು ದೂರಸಂಪರ್ಕ ಇಲಾಖೆ 2024ರ ಮಾರ್ಚ್‌ನಲ್ಲಿ ಕಂಪನಿಗಳಿಗೆ ಸೂಚಿಸಿತ್ತು. ಆದ್ದರಿಂದ ಅದನ್ನೊಂದನ್ನೇ ನಂಬದೆ ಸೆಟ್ಟಿಂಗ್ಸ್‌ನಲ್ಲಿ ಕಣ್ಣಾರೆ ನೋಡಿಕೊಳ್ಳಿ.

ಇಷ್ಟಾದ ಮೇಲೆ ವಾಟ್ಸಾಪ್ ತೆರೆದು ನಿಮ್ಮದೇ ನಂಬರು ಹಾಕಿ, ಎಸ್ಎಂಎಸ್‌ನಲ್ಲಿ ಬರುವ ಆರಂಕಿಯ ಕೋಡ್ ಕೊಡಿ. ಅದು ಒಪ್ಪಿಗೆಯಾದ ಕ್ಷಣದಲ್ಲೇ ಕಳ್ಳನ ಫೋನಿನಲ್ಲಿ ಖಾತೆ ಮುಚ್ಚಿಹೋಗುತ್ತದೆ. ಕೋಡ್ ಬರಲಿಲ್ಲವೆಂದು ಮೇಲಿಂದ ಮೇಲೆ ಕೇಳಬೇಡಿ. ಹೆಚ್ಚು ಸಲ ಕೇಳಿದರೂ ತಪ್ಪು ಕೋಡ್ ಹಾಕಿದರೂ ವಾಟ್ಸಾಪ್ ಕೆಲವು ಗಂಟೆ ಕಾಯಲು ಹೇಳುತ್ತದೆ. ಕೆಲವು ಕಳ್ಳರು ಬೇಕೆಂದೇ ತಪ್ಪು ಕೋಡ್‌ಗಳನ್ನು ಹಾಕಿ, ನಿಜವಾದ ಮಾಲೀಕನನ್ನು ಹೀಗೆ ಹೊರಗೆ ನಿಲ್ಲಿಸುತ್ತಾರೆ. ಪರದೆಯ ಮೇಲಿನ ಗಡಿಯಾರ ಮುಗಿಯುವವರೆಗೆ ಸುಮ್ಮನಿರುವುದು ಲೇಸು.

ಕೋಡ್ ಹಾಕಿದ ಮೇಲೂ ನೀವು ಎಂದೂ ಇಡದ ಪಿನ್ ಕೇಳಿದರೆ, ಕಳ್ಳನು ಎರಡು ಹಂತದ ಪರಿಶೀಲನೆ ಹಾಕಿದ್ದಾನೆಂದು ತಿಳಿಯಿರಿ. ಆ ಪಿನ್ ಇಲ್ಲದೆ ಒಳಹೋಗಲು 7 ದಿನ ಕಾಯಬೇಕಾಗುತ್ತದೆ. ಇಲ್ಲಿ ಬಹಳ ಜನ ಕಂಗಾಲಾಗುತ್ತಾರೆ, ಆದರೆ ಎಸ್ಎಂಎಸ್ ಕೋಡ್ ಒಪ್ಪಿಗೆಯಾದಾಗಲೇ ಅವನು ಹೊರಬಿದ್ದಿರುತ್ತಾನೆ. ಆ ಏಳು ದಿನ ಖಾತೆ ನಿಮಗೂ ಇಲ್ಲ, ಅವನಿಗೂ ಇಲ್ಲ.

ಒಳಹೋದ ಮೇಲೆ ನಿಮ್ಮದೇ ಪಿನ್ ಇಟ್ಟು, ಇಮೇಲ್ ವಿಳಾಸವನ್ನೂ ಸೇರಿಸಿ. ಅವನು ನಿಮ್ಮ ಹೆಸರಿನಲ್ಲಿ ಏನೇನು ಬರೆದಿದ್ದನೆಂಬುದು ನಿಮ್ಮ ಫೋನಿಗೆ ಬಾರದಿರಬಹುದು. ಆದ್ದರಿಂದ ರೈತರಿಂದಲೇ ಅದರ ಸ್ಕ್ರೀನ್‌ಶಾಟ್‌ಗಳನ್ನು ತರಿಸಿಕೊಳ್ಳಿ.

ಗೃಹಿಣಿ, ರಾಯಚೂರು

ನನಗೂ ಹೀಗೆಯೇ ಆಗಿತ್ತು. ನನ್ನ ಫೋಟೋ, ಹೆಸರು ಇಟ್ಟುಕೊಂಡು ಯಾರೋ ಫೇಸ್‌ಬುಕ್‌ನಲ್ಲಿ ಬಂಧುಗಳಿಗೆಲ್ಲ ಹಣ ಕೇಳಿದ್ದರು. ನಾನು ಪಾಸ್‌ವರ್ಡ್ ಬದಲಿಸಿದೆ, ಆದರೂ ಸಂದೇಶ ಹೋಗುವುದು ನಿಲ್ಲಲಿಲ್ಲ. ಹಾಗಾದರೆ ಪಾಸ್‌ವರ್ಡ್ ಬದಲಿಸಿ ಏನು ಪ್ರಯೋಜನ?

ಕಂಪ್ಯೂಟರ್ ಉಪನ್ಯಾಸಕ, ಕೊಪ್ಪಳ

ಅಕ್ಕನವರೇ, ನಿಮ್ಮ ಖಾತೆ ಯಾರ ಕೈಗೂ ಹೋಗಿರಲಿಲ್ಲ. ಅದು ನಿಮ್ಮ ಹೆಸರಿನ ನಕಲಿ ಖಾತೆ. ಆ ಪ್ರೊಫೈಲ್ ತೆರೆದು, ಬೇರೆಯವರಂತೆ ನಟಿಸುತ್ತಿದ್ದಾರೆ ಎಂದು ನೀವೂ ಬಂಧುಗಳೂ ರಿಪೋರ್ಟ್ ಮಾಡಬೇಕು. ಸಂದೇಶ ನಿಮ್ಮ ಹಳೆಯ ಮಾತುಕತೆಯ ಕೆಳಗೇ ಬಂದಿದೆಯೋ ಹೊಸ ಖಾತೆಯಿಂದ ಬಂದಿದೆಯೋ ಎಂದು ಬಂಧುಗಳನ್ನು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ.

ಜೀನ್ಸ್ ಹೊಲಿಗೆ ಘಟಕ, ಬಳ್ಳಾರಿ

ಖಾತೆಯಿಂದ ಹೊರಬಿದ್ದರೆ ಕನಿಷ್ಠ ಗೊತ್ತಾದರೂ ಆಗುತ್ತದೆ. ನಮ್ಮಲ್ಲಿ ವಾಟ್ಸಾಪ್ ಎಂದಿನಂತೆಯೇ ನಡೆಯುತ್ತಿತ್ತು, ಆದರೆ ನಾನು ತೆರೆಯದ ಸಂದೇಶಗಳು ಓದಿದಂತೆ ಕಾಣುತ್ತಿದ್ದವು. ನಾವು ಒಬ್ಬ ವ್ಯಾಪಾರಿಗೆ ಹೇಳಿದ ದರ ಅದೇ ಸಂಜೆ ಎದುರಾಳಿ ಘಟಕಕ್ಕೆ ತಿಳಿದಿರುತ್ತಿತ್ತು. ಕೊನೆಗೆ ಮೂರು ಚುಕ್ಕಿ ಒತ್ತಿ Linked devices ತೆರೆದಾಗ, ನಮ್ಮ ಕಂಪ್ಯೂಟರಿನ ಜೊತೆಗೆ ಇನ್ನೊಂದು ಕ್ರೋಮ್ ಬ್ರೌಸರ್ ಕಂಡಿತು. ಕೊನೆಯ ಬಳಕೆ ನಮ್ಮ ಘಟಕಕ್ಕೆ ಬೀಗ ಹಾಕಿದ ಮೇಲಿನ ಹೊತ್ತಿನದು. ಅದರ ಮೇಲೆ ಒತ್ತಿ Log out ಕೊಟ್ಟ ಮೇಲೆ ಸೋರಿಕೆ ನಿಂತಿತು. ಹಿಂದೆ ಕೆಲಸಕ್ಕಿದ್ದ ಹುಡುಗನ ಮೇಲೆ ಸಂಶಯವಿದೆ, ಆಧಾರವಿಲ್ಲ. ಸಿಂಧನೂರಿನವರೂ ಖಾತೆ ಸಿಕ್ಕ ಕೂಡಲೇ ಆ ಪಟ್ಟಿಯನ್ನು ನೋಡಿಕೊಳ್ಳಲಿ.

ಕಂಪ್ಯೂಟರ್ ಉಪನ್ಯಾಸಕ, ಕೊಪ್ಪಳ

ಒಳ್ಳೆಯ ಮಾತು. ಒಂದು ವ್ಯತ್ಯಾಸ ಮಾತ್ರ ಸೇರಿಸುತ್ತೇನೆ. ನಂಬರನ್ನೇ ತನ್ನ ಫೋನಿನಲ್ಲಿ ನೋಂದಾಯಿಸಿಕೊಂಡವನಿಗೆ ಗುಂಪುಗಳೂ ಹೊಸ ಸಂದೇಶಗಳೂ ಸಿಗುತ್ತವೆಯೇ ಹೊರತು, ನಿಮ್ಮ ಫೋನಿನಲ್ಲಿರುವ ಹಳೆಯ ಚಾಟ್‌ಗಳು ತಾವಾಗಿ ಹೋಗುವುದಿಲ್ಲ. ಜೋಡಿಸಿದ ಬ್ರೌಸರ್‌ನಲ್ಲಿ ಕುಳಿತವನಿಗೆ ಹಿಂದಿನ ಮಾತುಕತೆಯೂ ಕಾಣುತ್ತದೆ. ಹಾಗಾಗಿ ಎರಡನೆಯ ಬಗೆಯಲ್ಲಿ, ಚಾಟಿನಲ್ಲಿ ಕಳುಹಿಸಿದ್ದ ಆಧಾರ್, ಪಾಸ್‌ಬುಕ್ ಫೋಟೋಗಳೂ ಅವನಿಗೆ ಸಿಕ್ಕಿವೆ ಎಂದೇ ಭಾವಿಸಿ ನಡೆಯಬೇಕು.

ರಸಗೊಬ್ಬರ ವ್ಯಾಪಾರಿ, ಗಂಗಾವತಿ

ಉಪನ್ಯಾಸಕರ ಕ್ರಮಕ್ಕೆ ನನ್ನ ಸಣ್ಣ ತಕರಾರಿದೆ. ಅವರು ಖಾತೆ ಮೊದಲು ಎನ್ನುತ್ತಾರೆ, ನಾನು ಜನ ಮೊದಲು ಎನ್ನುತ್ತೇನೆ. ನೀವು ಕೋಡ್‌ಗಾಗಿ ಕಾಯುವ ಹೊತ್ತಿನಲ್ಲಿ ಯಾರೋ ಒಬ್ಬ ರೈತ ಫೋನ್‌ಪೇ ಮಾಡಿಬಿಟ್ಟಿರುತ್ತಾನೆ. ಹೆಚ್ಚು ವ್ಯವಹಾರ ಇರುವವರಿಗೆ ಮನೆಯವರ ಫೋನುಗಳಿಂದ ನೇರವಾಗಿ ಕರೆ ಮಾಡಿ ಹೇಳಿಸಬೇಕು. ಗುಂಪಿನಲ್ಲಿ ಮಗನೋ ತಮ್ಮನೋ ಎಚ್ಚರಿಕೆ ಹಾಕಿದರೆ ಕಳ್ಳ ನಿಮ್ಮ ಹೆಸರಿನಲ್ಲೇ ಅದನ್ನು ಸುಳ್ಳೆನ್ನುತ್ತಾನೆ, ನಿಮ್ಮದು ಅಡ್ಮಿನ್ ನಂಬರಾಗಿದ್ದರೆ ಎಚ್ಚರಿಸಿದವರನ್ನೇ ಹೊರಹಾಕುತ್ತಾನೆ.

ಯಾರಾದರೂ ಹಣ ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಮ್ಮ ಬಳಗದಲ್ಲಿ ಇಂಥದ್ದು ನಡೆದಾಗ ಖಾತೆಯ ಮಾಲೀಕರು ಕರೆ ಮಾಡಿದರು, ಆದರೆ ಅಲ್ಲಿ ಕೇಳಿದ್ದು ಹಣ ಕಳೆದುಕೊಂಡವರ ಬ್ಯಾಂಕಿನ ವಿವರ ಮತ್ತು ವಹಿವಾಟಿನ ಸಂಖ್ಯೆ. ಆದ್ದರಿಂದ ಹಣ ಹಾಕಿದ ರೈತರಿಂದಲೇ ಕರೆ ಮಾಡಿಸಿ. ಖಾತೆ ಕಳುವಾದ ದೂರನ್ನು ನೀವು cybercrime.gov.in ನಲ್ಲಿ ಅಥವಾ ಸೈಬರ್ ಅಪರಾಧ ನೋಡಿಕೊಳ್ಳುವ ರಾಯಚೂರಿನ ಸಿಇಎನ್ ಪೊಲೀಸ್ ಠಾಣೆಯಲ್ಲಿ ಬೇರೆಯಾಗಿ ಕೊಡಿ.

ಕಂಪ್ಯೂಟರ್ ಉಪನ್ಯಾಸಕ, ಕೊಪ್ಪಳ

ಮನೆಯಲ್ಲಿ ಇಬ್ಬರಿದ್ದರೆ ಎರಡೂ ಒಟ್ಟಿಗೆ ನಡೆಯಲಿ. ಒಬ್ಬರೇ ಇದ್ದರೆ ನಾನು ಈಗಲೂ ಕೋಡ್ ಮೊದಲು ಎನ್ನುತ್ತೇನೆ, ಏಕೆಂದರೆ ನೂರು ಜನರಿಗೆ ಕರೆ ಮಾಡುವುದಕ್ಕಿಂತ ಸಂದೇಶದ ಮೂಲವನ್ನೇ ಮುಚ್ಚುವುದು ಬೇಗ ಮುಗಿಯುತ್ತದೆ. ಗಡಿಯಾರ ಕಾಯಲು ಹೇಳಿದರೆ ಮಾತ್ರ ಗಂಗಾವತಿಯವರ ಕ್ರಮ ಸರಿ.

ದಲಾಲಿ ಅಂಗಡಿ, ಸಿಂಧನೂರು

ಸಿಗ್ನಲ್ ಇದೆ, ಫಾರ್ವರ್ಡಿಂಗ್‌ನಲ್ಲಿ ಯಾವ ನಂಬರೂ ಇರಲಿಲ್ಲ. ಕೋಡ್ ಹಾಕಿದೆ, ಈಗ ಪಿನ್ ಕೇಳುತ್ತಿದೆ. ನಾನು ಎಂದೂ ಪಿನ್ ಇಟ್ಟವನಲ್ಲ. ಹೊಸ ಸಂದೇಶಗಳು ಬರುವುದು ನಿಂತಿದೆ ಎಂದು ರೈತರು ಹೇಳುತ್ತಿದ್ದಾರೆ. ಒಬ್ಬರು ಹಣ ಹಾಕಿದ್ದಾರೆ, ಅವರನ್ನು ಅಂಗಡಿಗೆ ಕರೆಸಿ 1930ಕ್ಕೆ ಕರೆ ಮಾಡಿಸುತ್ತಿದ್ದೇನೆ. ಮೊದಲು ನನಗೆ ಕೋಡ್ ಕೇಳಿದ ರೈತರಿಗೂ ಫೋನ್ ಮಾಡಿದ್ದೆ. ಅವರ ವಾಟ್ಸಾಪ್ ನಿನ್ನೆಯಿಂದಲೇ ಮುಚ್ಚಿದೆಯಂತೆ, ನೆಟ್‌ವರ್ಕ್ ತೊಂದರೆ ಇರಬೇಕೆಂದು ಸುಮ್ಮನಿದ್ದರಂತೆ.