ರಿಂಗ್ ಕಟಿಂಗ್ ಲೆಂತ್: 1200, 1224, ಇಲ್ಲಾ 1288?

ಮನೆ ಕಟ್ಟಿಸುತ್ತಿರುವವರು, ಟಿಳಕವಾಡಿ, ಬೆಳಗಾವಿ: ಸರ್, ಬೀಮ್ 230 × 450. ರಿಂಗ್ 8 ಎಂಎಂ, ಕವರ್ 25. ಶೆಡ್ಯೂಲ್‌ನಲ್ಲಿ ಕಟಿಂಗ್ ಲೆಂತ್ 1224 ಅಂತ ಇದೆ. ಬಾರ್ ಬೆಂಡರ್ 1200 ಸಾಕು, 12 ಮೀಟರ್ ರಾಡಿಗೆ ಸರಿಯಾಗಿ ಹತ್ತು ಬರುತ್ತವೆ ಅಂತಾನೆ. ಒಂದಷ್ಟು ಕತ್ತರಿಸಿಯೂ ಆಗಿದೆ, ಬಗ್ಗಿಸಿಲ್ಲ. ಯಾರ ಮಾತು ಕೇಳಲಿ?

ಸ್ಟ್ರಕ್ಚರಲ್ ಇಂಜಿನಿಯರ್: ಅಕ್ಕಾ, ಬಗ್ಗಿಸುವುದನ್ನು ಮೊದಲು ನಿಲ್ಲಿಸಿ. ಎರಡೂ ಕಡಿಮೆಯೇ.

ಎರಡೂ ಬದಿಯ ಕವರ್ ತೆಗೆದರೆ ರಿಂಗಿನ ಹೊರ ಅಳತೆ 180 × 400. ಸುತ್ತಳತೆ 1160. ಇಲ್ಲಿಯವರೆಗೆ ಎಲ್ಲರೂ ಒಂದೇ. ಆಮೇಲೆ ನಿಮ್ಮ ಶೆಡ್ಯೂಲ್‌ನವರು ಹುಕ್ಕಿಗೆ 10d, ಅಂದರೆ ರಾಡಿನ ದಪ್ಪದ ಹತ್ತು ಪಟ್ಟು, ಹಿಡಿದು ಎರಡಕ್ಕೆ 160 ಸೇರಿಸಿದ್ದಾರೆ. 90 ಡಿಗ್ರಿಯ ಮೂರು ಬೆಂಡಿಗೆ 2d ಪ್ರಕಾರ 48 ಕಳೆದಿದ್ದಾರೆ. 135ರ ಎರಡು ಬೆಂಡಿಗೆ 3d ಪ್ರಕಾರ ಇನ್ನೊಂದು 48 ಕಳೆದಿದ್ದಾರೆ. ಹಾಗೆ 1224 ಬಂದಿದೆ. ಎಲ್ಲ ಕಡೆ ಓಡಾಡುವ ಲೆಕ್ಕ ಇದೇ.

ತೊಂದರೆ ಇರುವುದು ಹುಕ್ಕಿನಲ್ಲಿ. 10d ಅಂದರೆ 80, ಅದರಲ್ಲಿ 3d ಕಳೆದರೆ ಒಂದು ಹುಕ್ಕಿಗೆ ಉಳಿಯುವುದು 56 ಎಂಎಂ. ರಾಡು ಮೂಲೆ ಸುತ್ತಿ 135 ಡಿಗ್ರಿ ತಿರುಗಲಿಕ್ಕೇ, 32 ಎಂಎಂ ಪಿನ್ ಇದ್ದರೆ, ಹೊರ ಅಳತೆಯ ಮೇಲೆ ಸುಮಾರು 23 ಬೇಕು. ಹಾಗಾದರೆ ನೆಟ್ಟಗೆ ಉಳಿಯುವ ಬಾಲ 33 ಮಾತ್ರ. ಭೂಕಂಪದ ಕೋಡ್ ಐಎಸ್ 13920ರ 2016ರ ಆವೃತ್ತಿ ಕೇಳುವುದು 6d ಅಥವಾ 65, ಯಾವುದು ಜಾಸ್ತಿಯೋ ಅದು. 8 ಎಂಎಂಗೆ 6d ಅಂದರೆ 48, ಆದ್ದರಿಂದ 65 ಇರಲೇಬೇಕು. ಬೆಳಗಾವಿ ಮೂರನೇ ಭೂಕಂಪ ವಲಯ, ಈ ನಿಯಮ ನಿಮ್ಮ ಮನೆಗೂ ಸೇರಿದ್ದು.

ಸರಿಯಾದ ಲೆಕ್ಕ ಹೀಗೆ. ಒಂದು ಹುಕ್ಕಿಗೆ 23 + 65 = 88. ಇದರಲ್ಲಿ ಬೆಂಡ್ ಸೇರಿಯೇ ಇದೆ, ಮತ್ತೆ 3d ಕಳೆಯಬಾರದು.

```
1160 - 48 + (2 x 88) = 1288
```

1200ಕ್ಕೆ ಕತ್ತರಿಸಿದರೆ ಒಟ್ಟು 88 ಕಡಿಮೆ, ಒಂದೊಂದು ಹುಕ್ಕಿಗೆ 44. ಬಾಲ 21 ಎಂಎಂ ಉಳಿಯುತ್ತದೆ. ಅಷ್ಟು ಚಿಕ್ಕ ತುದಿಗೆ ಬೆಂಡಿಂಗ್ ಕೀ ಹಿಡಿಯುವುದೇ ಕಷ್ಟ. ಬೆಂಡರ್ ಅದನ್ನು 90ಕ್ಕೇ ಬಿಡುತ್ತಾನೆ, ಇಲ್ಲವೇ ರಿಂಗನ್ನೇ ಚಿಕ್ಕದು ಮಾಡುತ್ತಾನೆ. ಭೂಮಿ ಅಲುಗಿ ಕವರ್ ಕಾಂಕ್ರೀಟ್ ಉದುರಿದಾಗ ರಿಂಗನ್ನು ಮುಚ್ಚಿ ಹಿಡಿಯುವುದು ಒಳಗಿನ ಕಾಂಕ್ರೀಟಿಗೆ ಚುಚ್ಚಿಕೊಂಡ ಈ ಬಾಲವೇ. ಅದಿಲ್ಲದಿದ್ದರೆ ರಿಂಗ್ ಬಾಯಿ ಬಿಡುತ್ತದೆ.

ಕತ್ತರಿಸಿದ್ದು ಹಾಳಾಗಲಿಲ್ಲ. ನಿಮ್ಮಲ್ಲಿ 230 × 380 ಬೀಮ್ ಇದ್ದರೆ ಅದಕ್ಕೆ 1148 ಸಾಕು, ಈ 1200ರ ತುಂಡು ಅಲ್ಲಿ ಬಳಸಿ. ಬಾಲ ಸ್ವಲ್ಪ ಉದ್ದ ಬಂದರೆ ಅಡ್ಡಿ ಇಲ್ಲ.

ಗುತ್ತಿಗೆದಾರರು, ವಿಜಯಪುರ: ನಾವು 9 × 18 ಇಂಚಿನ ಬೀಮಿಗೆ ಮೊದಲಿನಿಂದಲೂ 4 ಅಡಿಗೇ ಕತ್ತರಿಸೋದು. ಒಂದು ಮನೆಯೂ ಬಿದ್ದಿಲ್ಲ. ಪುಸ್ತಕದ ಲೆಕ್ಕ ಹೇಳಿ ಮಾಲೀಕರಿಗೆ ಕಬ್ಬಿಣದ ಖರ್ಚು ಏರಿಸಬೇಡಿ.

ಸ್ಟ್ರಕ್ಚರಲ್ ಇಂಜಿನಿಯರ್: 4 ಅಡಿ ಅಂದರೆ 1219. 12 ಮೀಟರಿಗೆ ಒಂಬತ್ತು ಬರುತ್ತವೆ. 1288ಕ್ಕೂ ಒಂಬತ್ತೇ. ನಿಮ್ಮ 4 ಅಡಿಯಲ್ಲಿ ಉಳಿತಾಯ ಏನಿದೆ, ಹೇಳಿ. ಒಂದು ಮೀಟರಿನಷ್ಟು ತುಂಡು ಮೂಲೆಗೆ ಬೀಳುತ್ತದೆ ಅಷ್ಟೇ. ಮನೆ ಬಿದ್ದಿಲ್ಲ ಅಂದರೆ ದೊಡ್ಡದಾಗಿ ಅಲುಗಿಲ್ಲ ಅಂತ. 1993ರ ಕಿಲ್ಲಾರಿ ಭೂಕಂಪ ನಿಮ್ಮೂರಿಗೆ ದೂರವೇನಲ್ಲ.

ಗುತ್ತಿಗೆದಾರರು, ವಿಜಯಪುರ: ಕಿಲ್ಲಾರಿಯಲ್ಲಿ ಬಿದ್ದದ್ದು ಕಲ್ಲು ಮಣ್ಣಿನ ಮನೆಗಳು ಸರ್. ರಿಂಗಿಗೂ ಅದಕ್ಕೂ ಏನು ಸಂಬಂಧ?

ಡಿಪ್ಲೊಮಾ ವಿದ್ಯಾರ್ಥಿ, ಬಾಗಲಕೋಟೆ: ಸರ್, ಬಗ್ಗಿಸಿದಾಗ ಕಬ್ಬಿಣ ಹಿಗ್ಗುತ್ತದೆ, ಅದಕ್ಕೇ 2d, 3d ಕಳೆಯೋದು ಅಂತ ಕ್ಲಾಸಲ್ಲಿ ಹೇಳಿದ್ದಾರೆ. ಹಿಗ್ಗಿದ್ದನ್ನು ಹುಕ್ಕಿನಲ್ಲಿ ಕಳೆಯದಿದ್ದರೆ ತಪ್ಪಲ್ವಾ?

ಬಾರ್ ಬೆಂಡರ್, ಗೋಕಾಕ: ಹಿಗ್ಗೋದು ಗಿಗ್ಗೋದು ಏನಿಲ್ಲ ತಮ್ಮಾ. ಕಳೆಯದಿದ್ರೆ ರಿಂಗ್ ದೊಡ್ಡದಾಗ್ತದೆ, ಕವರ್ ಹೋಗ್ತದೆ. ಕೈಯಿಂದ ಮಾಡಿ ನೋಡು, ಗೊತ್ತಾಗ್ತದೆ.

ಡಿಪ್ಲೊಮಾ ವಿದ್ಯಾರ್ಥಿ: ಅಣ್ಣಾ, ದೊಡ್ಡದಾಗ್ತದೆ ಅಂದರೆ ಹಿಗ್ಗಿದೆ ಅಂತಲೇ ಅಲ್ವಾ? ನಾನು ಹೇಳಿದ್ದೂ ಅದೇ.

ಬಾರ್ ಬೆಂಡರ್, ಗೋಕಾಕ: ಅದೇ ಅಲ್ಲ. ಸೈಟಿಗೆ ಬಾ.

ಸ್ಟ್ರಕ್ಚರಲ್ ಇಂಜಿನಿಯರ್: ಬೆಂಡರ್ ಹೇಳಿದ್ದು ಸರಿ. ಬೆಂಡಿನ ಹೊರ ಮೈ ಹಿಗ್ಗುತ್ತದೆ, ಒಳ ಮೈ ಕುಗ್ಗುತ್ತದೆ, ನಡುವಿನ ಉದ್ದ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಾವು ಹೊರ ಅಳತೆ ಹಿಡಿದಾಗ ಚೂಪಾದ ಮೂಲೆಯವರೆಗೆ ಎಣಿಸುತ್ತೇವೆ. ರಾಡು ಅಲ್ಲಿಗೆ ಹೋಗುವುದೇ ಇಲ್ಲ, ದುಂಡಗೆ ತಿರುಗಿಬಿಡುತ್ತದೆ. ರಾಡಿನ ನಾಲ್ಕು ಪಟ್ಟು ದಪ್ಪದ ಪಿನ್ ಇದ್ದರೆ 90ರ ಮೂಲೆಯಲ್ಲಿ ಟೇಪಿನ ಲೆಕ್ಕ 6d, ರಾಡಿನ ಲೆಕ್ಕ ಸುಮಾರು 4d. ಆ ವ್ಯತ್ಯಾಸವೇ 2d. ಪಿನ್ ದಪ್ಪವಾದರೆ ಕಳೆಯುವುದೂ ಜಾಸ್ತಿ. ಹುಕ್ಕಿನ 88ರಲ್ಲಿ ಈ ಲೆಕ್ಕ ಆಗಲೇ ಮುಗಿದಿದೆ.

ಸದಸ್ಯರು, ಬಾಗಲಕೋಟೆ ನವನಗರ: ಕಾಲಂ ಕೂಡ 230 × 450, ಅದಕ್ಕೂ 1288 ಹಾಕಬಹುದಾ?

ಸ್ಟ್ರಕ್ಚರಲ್ ಇಂಜಿನಿಯರ್: ಇಲ್ಲ. ಕಾಲಂ ಕವರ್ 40. ಅದೇ 8 ಎಂಎಂ ರಿಂಗಿಗೆ 1168.

ಸದಸ್ಯರು, ಚಿಕ್ಕೋಡಿ: ಎಲ್ಲರಿಗೂ ಉಪಯೋಗ ಆಗ್ಲಿ ಅಂತ ಫಾರ್ವರ್ಡ್ ಮಾಡ್ತಿದ್ದೇನೆ. ‘ಯಾವ ಸೈಜಿನ ರಿಂಗ್ ಇರಲಿ, ಸುತ್ತಳತೆಗೆ 2 ಇಂಚು ಸೇರಿಸಿ ಕತ್ತರಿಸಿ. ಇಂಜಿನಿಯರ್ ಬೇಡ, ಲೆಕ್ಕ ಬೇಡ.’

ಸ್ಟ್ರಕ್ಚರಲ್ ಇಂಜಿನಿಯರ್: ದಯವಿಟ್ಟು ಇದನ್ನು ಅಳಿಸಿ. ಸುತ್ತಳತೆ 1160ಕ್ಕೆ 2 ಇಂಚು ಸೇರಿಸಿದರೆ 1211. ಬಾಲ ಮೂರು ಸೆಂಟಿಮೀಟರ್ ಕೂಡ ಬರುವುದಿಲ್ಲ. 10 ಎಂಎಂ ರಾಡಿಗೆ ಇನ್ನೂ ಹದಗೆಡುತ್ತದೆ. ಬರೆದವರು ಯಾರೋ, ಅನುಭವಿಸುವವರು ಮನೆಯಲ್ಲಿ ಇರುವವರು.

ಸದಸ್ಯರು, ಚಿಕ್ಕೋಡಿ: ಒಳ್ಳೆಯದಕ್ಕೆ ಹಾಕಿದ್ದು ಸರ್. ಇಷ್ಟು ಸಿಟ್ಟು ಯಾಕೆ?

ಸದಸ್ಯರು, ಅಥಣಿ: ಸರ್ ರಿಂಗ್ ಕಟಿಂಗ್ ಲೆಂತ್ ಫಾರ್ಮುಲಾ ಹೇಳಿ.

ಸ್ಟ್ರಕ್ಚರಲ್ ಇಂಜಿನಿಯರ್: ಮೇಲೆ ಇದೆ.

ಸದಸ್ಯರು, ಜಮಖಂಡಿ: ನಮ್ಮ ಸ್ಲ್ಯಾಬ್ ಸೋರುತ್ತಿದೆ. ರಿಂಗ್ ಕಡಿಮೆ ಹಾಕಿದ್ದಕ್ಕೇ ಇರಬೇಕಾ?

ಸದಸ್ಯರು, ಅಥಣಿ: ಸರ್ 12 ಎಂಎಂ ರಿಂಗಿಗೆ ಹುಕ್ ಎಷ್ಟು?

ಸ್ಟ್ರಕ್ಚರಲ್ ಇಂಜಿನಿಯರ್: ಅದಕ್ಕೆ 6d ಅಂದರೆ 72, ಅದೇ ಗೆಲ್ಲುತ್ತದೆ. ಬೆಂಡಿನ 35 ಸೇರಿ 107.

ಗುತ್ತಿಗೆದಾರರು, ವಿಜಯಪುರ: ಕಿಲ್ಲಾರಿ ಪ್ರಶ್ನೆಗೆ ಉತ್ತರ ಬರಲಿಲ್ಲ.

ಬಾರ್ ಬೆಂಡರ್, ಗೋಕಾಕ: ಕಾಕಾ, ಮಾಲೀಕರು ಕೇಳಿದ್ದು ಬೀಮಿನ ರಿಂಗು. ಕೂಲಿ ನನಗೆ ರಿಂಗಿನ ಲೆಕ್ಕದಲ್ಲಿ ಕೊಡ್ತೀರಿ, ರಾಡು ನೀವು ಎಣಿಸಿ ಕೊಡ್ತೀರಿ. ಹತ್ತು ತೆಗಿ ಅಂತ ನೀವೇ ಹೇಳಿ ಆಮೇಲೆ ಬೆಂಡರ್ ಕದ್ದ ಅಂತೀರಿ.

ಗುತ್ತಿಗೆದಾರರು, ವಿಜಯಪುರ: ನಿನಗೆ ನಾನು ಯಾವತ್ತೂ ಕೆಲಸ ಕೊಟ್ಟಿಲ್ಲ. ಸುಮ್ನೆ ಮಾತಾಡಬೇಡ.

ಮನೆ ಕಟ್ಟಿಸುತ್ತಿರುವವರು, ಟಿಳಕವಾಡಿ: ಸರ್, 1288ಕ್ಕೆ ಒಂದು ಕತ್ತರಿಸಿ ಬಗ್ಗಿಸಿದೆವು. ಹೊರ ಅಳತೆ 180, 400 ಸರಿ ಬಂತು. ಬಾಲ ಒಂದು ಕಡೆ 72, ಇನ್ನೊಂದು ಕಡೆ 58. ಉದ್ದ ಇನ್ನೂ ಜಾಸ್ತಿ ಮಾಡಬೇಕಾ?

ಸ್ಟ್ರಕ್ಚರಲ್ ಇಂಜಿನಿಯರ್: ಬೇಡ ಅಕ್ಕಾ. ಕೂಡಿಸಿದರೆ 130, ಅಂದರೆ ಕಟಿಂಗ್ ಸರಿ ಇದೆ. ಮೊದಲ ಬೆಂಡಿನ ಗುರುತು 7 ಎಂಎಂ ಜಾರಿದೆ. ಬೆಂಡಿಂಗ್ ಹಲಗೆಯ ಮೇಲಿನ ಮೊಳೆಯನ್ನು ಅಷ್ಟು ಸರಿಸಿ ಇನ್ನೊಂದು ಬಗ್ಗಿಸಲು ಹೇಳಿ. ಬೆಂಡ್ ಮುಗಿದು ರಾಡು ನೆಟ್ಟಗಾಗುವ ಜಾಗದಿಂದ ತುದಿಯವರೆಗೆ ಟೇಪ್ ಹಿಡಿಯಿರಿ, ಮೂಲೆಯಿಂದ ಅಲ್ಲ. ಎರಡೂ ಕಡೆ 65 ಬಂದ ಮೇಲೆ ಉಳಿದ ರಿಂಗುಗಳಿಗೆ ರಾಡು ಕತ್ತರಿಸಲಿ.

ಡಿಪ್ಲೊಮಾ ವಿದ್ಯಾರ್ಥಿ, ಬಾಗಲಕೋಟೆ: ಸರ್, ಡೈಮಂಡ್ ರಿಂಗಿನಲ್ಲಿ ಮೂಲೆ 90 ಇರಲ್ಲ. ಅಲ್ಲಿ ಎಷ್ಟು ಕಳೆಯಬೇಕು?

ಸದಸ್ಯರು, ಅಥಣಿ: ಸರ್ ಎಲ್ಲ ಸೈಜಿನದ್ದು ಒಂದು ಚಾರ್ಟ್ ಮಾಡಿ ಹಾಕಿ.

ಸ್ಟ್ರಕ್ಚರಲ್ ಇಂಜಿನಿಯರ್: ಚಾರ್ಟ್ ಹಾಕುವುದಿಲ್ಲ. ಕವರ್, ಪಿನ್ ಬದಲಾದರೆ ಅದೇ ಮುಂದಿನ ಫಾರ್ವರ್ಡ್ ಆಗುತ್ತದೆ.