ಮದುವೆಯ ಗುಂಡಿನ ಸರ ತಡವಾಗಿದೆ, ಗ್ರಾಹಕರಿಗೆ ಏನು ಬರೆಯಲಿ?

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಸಣ್ಣ ಚಿನ್ನದ ಅಂಗಡಿ. ಮಂಗಳೂರಿನ ಒಬ್ಬ ಅಕ್ಕ ಮಗಳ ಮದುವೆಗೆ 5 ಪವನಿನ ಗುಂಡಿನ ಸರ ಮಾಡಲು ಹೇಳಿದ್ದರು. ಅವರ ಅತ್ತೆಯ ಹಳೇ ಬಳೆಯನ್ನೂ ಕೊಟ್ಟಿದ್ದರು. ಸರ ಹಾಲ್‌ಮಾರ್ಕ್‌ಗೆ ಹೋಗಿ ವಾಪಸ್ ಬಂತು, ಶುದ್ಧತೆ ಸಾವಿರಕ್ಕೆ 916 ಬರಬೇಕಾದಲ್ಲಿ 908 ಬಂದಿದೆ. ಮದುವೆಗೆ 16 ದಿನ ಇದೆ. ಏನಂತ ಬರೆದು ತಿಳಿಸಲಿ? ಇಂಥ ಪತ್ರ ಬರೆದವರು, ಪಡೆದವರು ಅನುಭವ ಹೇಳಿ.

ಕಾಪುವಿನ ಅಂಗಡಿಯವರು: ಜಾಸ್ತಿ ವಿವರಕ್ಕೆ ಹೋಗಬೇಡಿ. ಹಾಲ್‌ಮಾರ್ಕ್ ಜೊತೆ ಒಡವೆಗೆ ಹಾಕುವ ಎಚ್‌ಯುಐಡಿ ನಂಬರ್ ಬರುವುದು ತಡವಾಗಿದೆ ಅಂತ ಬರೆಯಿರಿ. ಸುಳ್ಳೇನಲ್ಲ, ನಂಬರ್ ಇಲ್ಲದೆ ಮಾರುವಂತಿಲ್ಲ ಅಲ್ವಾ? 2023ರ ಏಪ್ರಿಲ್‌ನಿಂದ ಅದೇ ನಿಯಮ. ಜನಕ್ಕೂ ಗೊತ್ತಿದೆ.

ಕಾರ್ಕಳದ ಅಕ್ಕಸಾಲಿಗರು: ನಿಯಮ ಸರಿ, ಆದರೆ ಹಾಗೆ ಬರೆಯಬೇಡಿ. ನಂಬರ್ ಕೊಡುವುದೇ ಪರೀಕ್ಷೆಯಲ್ಲಿ ಪಾಸಾದ ಮೇಲೆ. ಇಲ್ಲಿ ಸರವೇ ಪಾಸಾಗಿಲ್ಲ. "ನಂಬರ್ ತಡ" ಅಂದರೆ ಅವರು ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಅಂತ ಕಾಯುತ್ತಾ ಕೂರುತ್ತಾರೆ, ಬೇರೆ ಕಡೆ ನೋಡುವ ದಿನವೂ ಕಳೆದುಹೋಗುತ್ತದೆ.

ಯಾಕೆ ಹೀಗಾಯಿತು ಅನ್ನುವುದನ್ನು ಎರಡೇ ಸಾಲಿನಲ್ಲಿ ಹೇಳಬಹುದು. ಒಂದೊಂದು ಗುಂಡೂ ಎರಡು ಬಟ್ಟಲಿನ ಹಾಗಿನ ಅರ್ಧಗಳನ್ನು ಬೆಸೆದು ಮಾಡಿದ್ದು. ಬೆಸುಗೆ ಬೇಗ ಕರಗಬೇಕಾದ್ದರಿಂದ ಅದರಲ್ಲಿ ಬೆಳ್ಳಿ, ತಾಮ್ರ ಸ್ವಲ್ಪ ಜಾಸ್ತಿ, ಚಿನ್ನ ಕಡಿಮೆ. ಸರದಲ್ಲಿ ಗುಂಡು ಹೆಚ್ಚಿದಷ್ಟೂ ಬೆಸುಗೆ ಹೆಚ್ಚು, ಒಟ್ಟು ಶುದ್ಧತೆ ಇಳಿಯುತ್ತದೆ. ಶುದ್ಧತೆ ನೋಡುವ ಮಶೀನಿನಲ್ಲಿ ಗುಂಡಿನ ಹೊಟ್ಟೆ ಭಾಗ ಒಮ್ಮೆ, ಬೆಸುಗೆಯ ಗೆರೆ ಒಮ್ಮೆ ನೋಡಿ. ಗೆರೆಯಲ್ಲಿ ಮಾತ್ರ ಕಡಿಮೆ ತೋರಿಸಿದರೆ ಕಾರಣ ಬೆಸುಗೆಯೇ. ಎರಡು ಕಡೆಯೂ ಕಡಿಮೆ ಬಂದರೆ ಕರಗಿಸಿದ ಚಿನ್ನದಲ್ಲೇ ಸಮಸ್ಯೆ, ಆಗ ಪತ್ರದ ಕಾರಣವೂ ಬೇರೆ. ಇದನ್ನು ನೋಡಿಕೊಂಡೇ ಬರೆಯಿರಿ.

40 ಗ್ರಾಂ ಸರದಲ್ಲಿ ಸಾವಿರಕ್ಕೆ 8 ಕಡಿಮೆ ಅಂದರೆ ಕಾಲು ಗ್ರಾಮಿಗಿಂತ ಸ್ವಲ್ಪ ಜಾಸ್ತಿ ಚಿನ್ನ, ಅಷ್ಟೇ. ಆದರೂ 916ಕ್ಕಿಂತ ಕೆಳಗೆ ಒಂದು ಚೂರೂ ಒಪ್ಪುವುದಿಲ್ಲ. ಹಾಕಿದ ಬೆಸುಗೆಯನ್ನು ತೆಗೆಯಲೂ ಆಗುವುದಿಲ್ಲ, ಸರ ಕರಗಿಸಲೇಬೇಕು.

ಮಂಗಳೂರಿನ ಒಬ್ಬರು: ಮದುವೆ ಮನೆಯವರಿಗೆ ಹೀಗೆ ಮಾಡುವುದು ಅನ್ಯಾಯ. ಬಿಲ್ ಇದ್ದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡಿ, ಅಂಗಡಿಯವರನ್ನು ಸುಮ್ನೆ ಬಿಡಬೇಡಿ.

ಪ್ರಶ್ನೆ ಕೇಳಿದವರು: ಅಣ್ಣ, ಆ ಅಂಗಡಿಯವನು ನಾನೇ. ಬೆಸುಗೆಯ ಗೆರೆಯಲ್ಲಿ ಮಾತ್ರ ಕಡಿಮೆ ತೋರಿಸುತ್ತಿದೆ, ಈಗಷ್ಟೇ ನೋಡಿದೆ.

ಸುರತ್ಕಲ್‌ನ ಒಬ್ಬ ತಾಯಿ: ಇಂಥ ಪತ್ರ ನನಗೆ ಬಂದಿತ್ತು, ಮಗನ ಮದುವೆಗೆ ಸೊಸೆಗೆ ಮಾಡಿಸಿದ ಕರಿಮಣಿಯ ವಿಷಯದಲ್ಲಿ. "ತಾಂತ್ರಿಕ ಕಾರಣದಿಂದ ವಿಳಂಬ, ಸಹಕರಿಸಿ" ಅಂತ ಅಷ್ಟೇ ಇತ್ತು. ನನಗೆ ಹೆದರಿಕೆಯಾದದ್ದು ತಡಕ್ಕಲ್ಲ. ನಾನು ಕೊಟ್ಟ ಹಳೇ ಚಿನ್ನ ಎಲ್ಲಿದೆ, ಕರಗಿಸಿ ಆಗಿದೆಯಾ ಇಲ್ಲವಾ ಅಂತ. ಅದು ನನ್ನ ಅಮ್ಮನ ಕೈಬಳೆ. ಧಾರೆ ಹೊತ್ತಿಗೆ ಕರಿಮಣಿ ಇರುತ್ತದಾ ಅನ್ನುವುದೂ ಗೊತ್ತಿಲ್ಲ. ದಿನಾ ಫೋನ್ ಮಾಡಬೇಕಾಯಿತು. ದಯವಿಟ್ಟು ಆ ಅಕ್ಕನಿಗೆ ಬಳೆಯ ಸುದ್ದಿ ಮೊದಲು ಹೇಳಿ.

ಕಾರ್ಕಳದ ಅಕ್ಕಸಾಲಿಗರು: ಅಮ್ಮ ಹೇಳಿದ್ದು ಸರಿಯಾದ ಮಾತು. ನಾನಾದರೆ ಹೀಗೆ ಬರೆಯುತ್ತೇನೆ. ಲೆಕ್ಕ ಊಹೆಯದ್ದು, ನಿಮ್ಮ ಪುಸ್ತಕದ್ದು ಹಾಕಿಕೊಳ್ಳಿ.

"ನಮಸ್ಕಾರ ಅಕ್ಕ. ಗುಂಡಿನ ಸರ ಹೇಳಿದ ದಿನಕ್ಕೆ ಕೊಡಲು ಆಗುತ್ತಿಲ್ಲ. ಸರ ಮುಗಿದಿತ್ತು, ಆದರೆ ಹಾಲ್‌ಮಾರ್ಕ್ ಪರೀಕ್ಷೆಯಲ್ಲಿ 916ರ ಬದಲು 908 ಬಂತು. ಗುಂಡುಗಳ ಬೆಸುಗೆಯಿಂದ ಹೀಗಾಗಿದೆ. ಕರಗಿಸಿ ಹೊಸದಾಗಿ ಮಾಡಬೇಕು, ಅದರ ಮಜೂರಿ ನಿಮ್ಮ ಮೇಲೆ ಬರುವುದಿಲ್ಲ. ನಿಮ್ಮ ಅತ್ತೆಯವರ ಬಳೆಯನ್ನು ನಿಮ್ಮೆದುರಿಗೇ ಕರಗಿಸಿದ್ದೆವು, ಆ ಲೆಕ್ಕ ಬದಲಾಗಿಲ್ಲ. 24 ಗ್ರಾಂ ಬಳೆಯಲ್ಲಿ 20.4 ಗ್ರಾಂ ಶುದ್ಧ ಚಿನ್ನ ಸಿಕ್ಕಿತು, 916ರ ಲೆಕ್ಕದಲ್ಲಿ ಅದು 22.27 ಗ್ರಾಂ. ಸರಕ್ಕೆ ಬೇಕಾದ ಉಳಿದ 17.73 ಗ್ರಾಂಗೆ ನೀವು ಅಡ್ವಾನ್ಸ್ ಕೊಟ್ಟ ದಿನದ ರೇಟೇ. ಈಗ ನೀವು ಮೂರರಲ್ಲಿ ಒಂದು ಹೇಳಬಹುದು. ಅದೇ ಸರ ಬೇಕೆಂದರೆ ಮೆಹಂದಿಗೆ ಎರಡು ದಿನ ಮೊದಲು ಮನೆಗೆ ತಂದುಕೊಡುತ್ತೇವೆ. ಇಲ್ಲವಾದರೆ ಹಾಲ್‌ಮಾರ್ಕ್ ಆಗಿರುವ 38 ಗ್ರಾಮಿನ ಗುಂಡಿನ ಸರ ಅಂಗಡಿಯಲ್ಲಿದೆ, ಫೋಟೋ ಕಳಿಸುತ್ತೇನೆ, ಅದನ್ನು ಇದೇ ಲೆಕ್ಕದಲ್ಲಿ ತೆಗೆದುಕೊಳ್ಳಬಹುದು. ಎರಡೂ ಬೇಡವಾದರೆ ಅಡ್ವಾನ್ಸ್ ಮತ್ತು ನಿಮ್ಮ ಚಿನ್ನ ವಾಪಸ್. ಬಳೆಯ ರೂಪದಲ್ಲಿ ಕೊಡಲು ಆಗುವುದಿಲ್ಲ, ಅದರಲ್ಲಿ ಸಿಕ್ಕ 20.4 ಗ್ರಾಂ ಶುದ್ಧ ಚಿನ್ನ ಕೊಡುತ್ತೇವೆ. ನಾಡಿದ್ದು ಸಂಜೆಯೊಳಗೆ ಹೇಳಿದರೆ ಮೂರೂ ಸಾಧ್ಯ. ಅದು ದಾಟಿದರೆ ಮೊದಲನೆಯದನ್ನು ನಾನು ಧೈರ್ಯದಿಂದ ಹೇಳಲಾರೆ."

ಕೊನೆಯ ಸಾಲು ಬಿಡಬೇಡಿ. ಕರಗಿಸಿ, ಶುದ್ಧ ಚಿನ್ನ ಸೇರಿಸಿ 916ಕ್ಕೆ ತಂದು, ತಗಡು ಮಾಡಿ, ಅಷ್ಟೂ ಗುಂಡು ಬೆಸೆದು, ಪಾಲಿಶ್ ಆಗಿ ಮತ್ತೆ ಪರೀಕ್ಷೆಗೆ ಹೋಗಬೇಕು. 16 ದಿನದಲ್ಲಿ ಆಗುತ್ತದೆ, ಆದರೆ ಇನ್ನೊಮ್ಮೆ ಫೇಲಾದರೆ ಸಮಯವಿಲ್ಲ. ಲೇಸರ್ ಬೆಸುಗೆ ಮಾಡುವವರ ಹತ್ತಿರ ಕೊಟ್ಟರೆ ಬೇರೆ ಬೆಸುಗೆ ಲೋಹ ಬೇಡ, ಶುದ್ಧತೆ ಇಳಿಯುವುದಿಲ್ಲ. ಮೊದಲು ಐದಾರು ಗುಂಡು ಮಾಡಿಸಿ ಮಶೀನಿನಲ್ಲಿ ನೋಡಿ, ಆಮೇಲೆ ಪೂರ್ತಿ ಮಾಡಿಸಿ.

ಕಾಪುವಿನ ಅಂಗಡಿಯವರು: ಒಪ್ಪಿದೆ, ನಂಬರ್ ಮಾತು ಬೇಡ. ಇನ್ನೊಂದು ದಾರಿ ಇದೆ. ಮದುವೆ ದಿನಕ್ಕೆ ಅಂಗಡಿಯ ಸರ ಹಾಕಿಕೊಳ್ಳಲು ಕೊಟ್ಟು, ಅವರದ್ದು ಆಮೇಲೆ ನಿಧಾನಕ್ಕೆ ಮಾಡಬಹುದು. ನಾವು ಕೊಟ್ಟಿದ್ದೇವೆ. ತೂಕ, ಎಚ್‌ಯುಐಡಿ ಬರೆದು ಸಹಿ ತೆಗೆದುಕೊಳ್ಳಬೇಕು.

ಸುರತ್ಕಲ್‌ನ ತಾಯಿ: ಮದುಮಗಳಿಗೆ ಅಂಗಡಿಯ ಸರ ಹಾಕಿ ವಾಪಸ್ ಕೊಡುವುದೇ? ನಮ್ಮ ಮನೆಯಲ್ಲಾದರೆ ಹಿರಿಯರು ಒಪ್ಪುವುದಿಲ್ಲ. ಅತ್ತೆಯದ್ದೋ ಚಿಕ್ಕಮ್ಮನದ್ದೋ ಹಾಕಿಸುತ್ತೇವೆ.

ಕಾಪುವಿನ ಅಂಗಡಿಯವರು: ಕೆಲವರು ಖುಷಿಯಿಂದ ಒಪ್ಪುತ್ತಾರೆ ಅಮ್ಮ, ಕೆಲವರಿಗೆ ಬೇಡ. ಕೇಳಿ ನೋಡಬಹುದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಇವತ್ತು ಮೊದಲು ಫೋನ್ ಮಾಡಿ ಮಾತಾಡುತ್ತೇನೆ, ಆಮೇಲೆ ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸುತ್ತೇನೆ. ರೇಟಿನದ್ದು ಒಂದು ಅನುಮಾನ. ಅವರು ಅಡ್ವಾನ್ಸ್ ಕೊಟ್ಟದ್ದು ಅರ್ಧ ಮಾತ್ರ. ರೇಟು ಈಗ ಏರಿದೆ. ಪೂರ್ತಿ 17.73 ಗ್ರಾಂಗೂ ಹಳೇ ರೇಟು ಕೊಡಬೇಕಾ?

ಕಾಪುವಿನ ಅಂಗಡಿಯವರು: ಕೊಟ್ಟ ಹಣಕ್ಕೆ ಎಷ್ಟು ಗ್ರಾಂ ಬರುತ್ತದೋ ಅಷ್ಟಕ್ಕೆ ಹಳೇ ರೇಟು. ಉಳಿದದ್ದಕ್ಕೆ ಡೆಲಿವರಿ ದಿನದ್ದು. ನಮ್ಮಲ್ಲಿ ಹಾಗೇ ನಡೆದು ಬಂದಿದೆ.

ಕಾರ್ಕಳದ ಅಕ್ಕಸಾಲಿಗರು: ಹೇಳಿದ ದಿನಕ್ಕೆ ಸರ ಆಗಿದ್ದರೆ ಆ ಲೆಕ್ಕ ಸರಿ. ಈಗ ದಿನ ಮೀರಿದ್ದು ಅಂಗಡಿಯ ಕಡೆಯಿಂದ. ಮೊದಲು ಹೇಳಿದ್ದ ಡೆಲಿವರಿ ದಿನದ ರೇಟು ಹಾಕಿ, ಅದಕ್ಕಿಂತ ಮೇಲೆ ಏರಿದ್ದನ್ನು ಅವರ ಮೇಲೆ ಹಾಕಬೇಡಿ. ಇವತ್ತಿನ ರೇಟು ಅದಕ್ಕಿಂತ ಇಳಿದರೆ ಇಳಿದದ್ದೇ ಹಾಕಿ.

ಕಾಪುವಿನ ಅಂಗಡಿಯವರು: ಇಳಿದದ್ದೂ ಅವರಿಗೇ, ಏರಿದ್ದೂ ನಮಗೇ ಅಂದರೆ ಸಣ್ಣ ಅಂಗಡಿ ನಡೆಯುವುದು ಕಷ್ಟ. ಅರ್ಧರ್ಧ ಹಂಚಿಕೊಳ್ಳೋಣ ಅಂತ ಕೇಳಬಹುದಲ್ಲ?

ಸುರತ್ಕಲ್‌ನ ತಾಯಿ: ಕೇಳಬಹುದು, ಆದರೆ ಫೋನಿನಲ್ಲೇ ಕೇಳಿ. ಪತ್ರದಲ್ಲಿ ಒಮ್ಮೆ ಒಂದು ರೇಟು ಬರೆದು ಆಮೇಲೆ ಬೇರೆ ಹೇಳಿದರೆ ನಾನಂತೂ ಆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ.